ಹೆಸರು ಕತ್ತರಿಸಿದ ಚಾರ್ಟು

ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಗಳಿಗೆ ಬರವಿಲ್ಲ. ಆದರೆ ಬೇರಿಂಗ್ ಕೊಳ್ಳಲು ಬಂದ ಗಿರಾಕಿಗೆ ಮೊದಲು ಪಾಠ ಹೇಳಿ, ಆಮೇಲೆ ಬೇರಿಂಗ್ ಕೊಡುವ ಅಂಗಡಿ ನನಗೆ ತಿಳಿದಂತೆ ಒಂದೇ. ಅದು ನನ್ನ ಗೆಳೆಯ ಕಲ್ಮೇಶನದು. ನನ್ನ ಝೆರಾಕ್ಸ್ ಅಂಗಡಿ ಅದರ ಎದುರಿಗೇ ಇದೆ, ಆದ್ದರಿಂದ ಆ ಪಾಠ ನನಗೆ ಬಾಯಿಪಾಠವಾಗಿದೆ.

"ಡಬ್ಬಿ ಮ್ಯಾಲಿನ ಹೆಸರ ಓದಬ್ಯಾಡ್ರಿ. ಡಬ್ಬಿ ಯಾರ ಬೇಕಾದರೂ ಛಾಪಿಸ್ತಾರ. ಬೇರಿಂಗ್ ಕೈಯಾಗ ಹಿಡದ ತಿರಗಿಸಿ ನೋಡ್ರಿ."

ಅವನು ಹೇಳುವುದು ನಿಜ. ದೊಡ್ಡ ಕಂಪನಿಯ ಡಬ್ಬಿಯಲ್ಲಿ ನಕಲಿ ಮಾಲು ತುಂಬಿ ಕೊಡುವವರು ಇದ್ದಾರೆ. ಕಲ್ಮೇಶ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, ಸಮಾಧಾನವಾದರೆ ಮಾತ್ರ ಕೊಡುತ್ತಾನೆ. ಅವಸರದ ಗಿರಾಕಿಗಳು ಬೈದುಕೊಳ್ಳುತ್ತಾರೆ, ಆದರೂ ಮತ್ತೆ ಅಲ್ಲಿಗೇ ಬರುತ್ತಾರೆ. ಊರಿಗೆಲ್ಲ ಹೀಗೆ ಬುದ್ಧಿ ಹೇಳುವ ಈ ಮನುಷ್ಯ ತಾನೇ ಒಂದು ಹೆಸರಿಗೆ ಮರುಳಾದ ಕಥೆ ಇದು. ನಾನು ಹೇಳುತ್ತಿರುವುದು ಅವನಿಗೆ ಗೊತ್ತು. "ಹೇಳಕೋ ಹೋಗ" ಅಂದಿದ್ದಾನೆ.

ಷೇರಿನ ಹುಚ್ಚು ಅವನಿಗೆ ಹತ್ತಿದ್ದು ಎಲ್ಲರಿಗೂ ಹತ್ತಿದ ಹಾಗೆಯೇ, ಮೊಬೈಲಿನಿಂದ. ಯಾವುದೋ ವಾಟ್ಸಾಪ್ ಗುಂಪಿನವರು ಇದು ಕೊಳ್ಳಿ, ಅದು ಕೊಳ್ಳಿ ಅನ್ನುತ್ತಿದ್ದರು. ಇವನು ಕೊಂಡ ಮರುದಿನವೇ ಅದು ಬೀಳುತ್ತಿತ್ತು. ಆ ಗುಂಪಿನವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ತಾವು ಕೊಂಡದ್ದನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ, ಅದಕ್ಕೆ ಗುಂಪು ಕಟ್ಟಿರುತ್ತಾರೆ. ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಕಲ್ಮೇಶ ಗುಂಪು ಬಿಟ್ಟ. ಆದರೆ ಷೇರು ಬಿಡಲಿಲ್ಲ. "ಮಂದಿ ಮಾತ ಕೇಳೂದ ಬ್ಯಾಡ. ನಂದೊಂದು ಜರಡಿ ನಾನ ಮಾಡಕೋತೇನಿ" ಅಂದ.

ಜರಡಿ ಅಂದದ್ದು ಕಂಪ್ಯೂಟರಿನಲ್ಲಿ. ಅಂಗಡಿಯ ಬಿಲ್ಲು, ಜಿಎಸ್‌ಟಿ ಎಲ್ಲ ಅವನ ಹೆಂಡತಿ ರಾಣಿ ನೋಡಿಕೊಳ್ಳುವ ಕಂಪ್ಯೂಟರು ಅದು. ಸಂಜೆ ಬಿಲ್ಲಿನ ಕೆಲಸ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಯೂಟ್ಯೂಬ್ ನೋಡಿ, ತಪ್ಪಿದ್ದನ್ನು ತಿದ್ದಿ, ಒಂದು ಸಣ್ಣ ಪ್ರೋಗ್ರಾಂ ಬರೆದರು. ಅದರ ಕೆಲಸ ಬಹಳ ಸರಳ. ದಿನಾ ಸಂಜೆ ಷೇರುಪೇಟೆಯವರು ಆ ದಿನದ ಎಲ್ಲ ಷೇರುಗಳ ದರ, ವಹಿವಾಟಿನ ಕಡತವನ್ನು ತಮ್ಮ ವೆಬ್‌ಸೈಟಿಗೆ ಹಾಕುತ್ತಾರೆ. ಪ್ರೋಗ್ರಾಂ ಅದನ್ನು ಇಳಿಸಿಕೊಂಡು ಪ್ರತಿಯೊಂದು ಷೇರಿಗೂ ಎರಡು ಪ್ರಶ್ನೆ ಕೇಳುತ್ತದೆ. ಒಂದು, ಇವತ್ತು ಮುಗಿದ ದರ ಕಳೆದ ಐವತ್ತೆರಡು ವಾರದ ಗರಿಷ್ಠ ದರದಿಂದ ಶೇಕಡಾ ಐದರ ಒಳಗೆ ಇದೆಯೇ? ಇನ್ನೊಂದು, ಇವತ್ತು ಕೈ ಬದಲಿಸಿದ ಷೇರುಗಳ ಸಂಖ್ಯೆ ಹಿಂದಿನ ಇಪ್ಪತ್ತು ದಿನದ ಸರಾಸರಿಯ ಮೂರು ಪಟ್ಟಾದರೂ ಇದೆಯೇ? ಎರಡಕ್ಕೂ ಹೌದು ಬಂದರೆ ಆ ಹೆಸರು ಪಟ್ಟಿಗೆ ಸೇರುತ್ತದೆ, ಅದರ ಒಂದು ವರ್ಷದ ಚಾರ್ಟು ಚಿತ್ರವಾಗಿ ಒಂದು ಫೋಲ್ಡರಿನಲ್ಲಿ ಕೂರುತ್ತದೆ.

"ವರ್ಷದಾಗ ಎಲ್ಲಾಕಿಂತ ಮ್ಯಾಲಿನ ರೇಟಿನ ಹತ್ರ ಬಂದಾಗ, ಎಂದೂ ಬರದಷ್ಟು ಮಂದಿ ಯಾಕ ಬಂದ್ರು? ಅಲ್ಲೇನೋ ನಡದೈತಿ ಅಂತ ಅರ್ಥ" ಎಂದು ನನಗೆ ವಿವರಿಸಿದ.

"ಏನ ನಡದೈತಿ?"

"ಅದನ್ನ ಪ್ರೋಗ್ರಾಂ ಹೇಳಂಗಿಲ್ಲ. ಅದಕ್ಕ ಕಣ್ಣ ಬೇಕು."

ಮೊದಲ ದಿನದ ಪಟ್ಟಿಯಲ್ಲಿ ಕೆಲಸಕ್ಕೆ ಬಾರದ ಹೆಸರುಗಳೇ ತುಂಬಿದ್ದವು. ದಿನಕ್ಕೆ ಇನ್ನೂರು ಷೇರು ಮಾರಾಟವಾಗುವ ಯಾವುದೋ ಕಂಪನಿಯದು ಆ ದಿನ ಸಾವಿರವಾದರೆ ಅದೂ ಐದು ಪಟ್ಟೇ. ಯಾರೋ ಒಬ್ಬ ಮನುಷ್ಯ ಕೊಂಡಿರುತ್ತಾನೆ, ಅಷ್ಟೇ. ಹಾಗಾಗಿ ದಿನದ ವಹಿವಾಟು ಸರಾಸರಿ ಒಂದು ಕೋಟಿ ರೂಪಾಯಿಗಿಂತ ಕಡಿಮೆ ಇದ್ದದ್ದನ್ನು ಬಿಟ್ಟುಬಿಡು ಎಂದು ಇನ್ನೊಂದು ಸಾಲು ಸೇರಿಸಿದರು. ಪಟ್ಟಿ ಸಣ್ಣದಾಯಿತು.

ಆಮೇಲೆ ಇನ್ನೊಂದು ತಮಾಷೆ ಆಯಿತು. ಒಂದು ಷೇರು ಮೂರ್ನಾಲ್ಕು ದಿನ ಬಿಡದೆ ಪಟ್ಟಿಗೆ ಬಂತು, ಐದು ಪಟ್ಟು, ನಾಲ್ಕು ಪಟ್ಟು ವಹಿವಾಟು. ಕಲ್ಮೇಶ ಕುರ್ಚಿಯ ಮೇಲೆ ಕೂರಲಾರದಷ್ಟು ಹಿಗ್ಗಿದ. ಚಾರ್ಟು ತೆಗೆದು ನೋಡಿದರೆ ದರ ತಣ್ಣಗಿದೆ, ಕೆಳಗಿನ ವಹಿವಾಟಿನ ಕಂಬಗಳು ಮಾತ್ರ ಒಂದು ತಾರೀಖಿನ ತನಕ ಮೊಣಕಾಲುದ್ದ, ಆಮೇಲೆ ಎಲ್ಲವೂ ಆಳೆತ್ತರ. ರಾಣಿಯೇ ಕಂಡುಹಿಡಿದಳು. ಆ ತಾರೀಖಿಗೆ ಕಂಪನಿ ಒಂದು ಷೇರನ್ನು ಐದಾಗಿ ಒಡೆದಿತ್ತು. ಇವರು ಹಳೆಯ ದರಗಳನ್ನೆಲ್ಲ ಐದರಿಂದ ಭಾಗಿಸಿ ಸರಿಮಾಡಿದ್ದರು, ಹಳೆಯ ವಹಿವಾಟನ್ನು ಐದರಿಂದ ಗುಣಿಸುವುದನ್ನು ಮರೆತಿದ್ದರು. ಒಂದು ರೊಟ್ಟಿಯನ್ನು ಐದು ತುಂಡು ಮಾಡಿ ಐದು ರೊಟ್ಟಿ ತಿಂದೆ ಅಂದ ಹಾಗೆ.

"ಇದಕ್ಕ ಅಂತೇನಿ, ಕಣ್ಣಿಂದ ನೋಡಬೇಕು ಅಂತ" ಎಂದು ಕಲ್ಮೇಶ ತನ್ನ ತಪ್ಪನ್ನೂ ತನ್ನ ಪಾಠವಾಗಿ ಮಾಡಿಕೊಂಡ. ಅವನ ಸ್ವಭಾವವೇ ಅದು.

ಹೀಗೆ ಮುಂದಿನ ವರ್ಷವಿಡೀ ಸಂಜೆಯ ಕೆಲಸ ನಡೆಯಿತು. ನಾನು ನನ್ನ ಅಂಗಡಿ ಮುಚ್ಚಿ ಹೋಗಿ ಕೂರುತ್ತಿದ್ದೆ, ರಾಣಿ ಚಹಾ ತರುತ್ತಿದ್ದಳು. ಪಟ್ಟಿಯಲ್ಲಿ ಹತ್ತೋ ಹದಿನೈದೋ ಚಾರ್ಟು ಇರುತ್ತಿದ್ದವು. ಕಲ್ಮೇಶ ಒಂದೊಂದನ್ನೇ ತೆಗೆದು ಕ್ಷಣದಲ್ಲಿ ತೀರ್ಮಾನ ಹೇಳುತ್ತಿದ್ದ. ಸಿಕ್ಕಾಪಟ್ಟೆ ಏರಿಬಿಟ್ಟಿದ್ದರೆ ಬ್ಯಾಡ. ಒಂದೇ ದಿನ ಕಂಬ ಎದ್ದು, ದರ ಗೆರೆ ಎಳೆದಂತೆ ನಿಂತಿದ್ದರೆ ಬ್ಯಾಡ, ಯಾರೋ ಇಬ್ಬರು ದೊಡ್ಡವರು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡಿರುತ್ತಾರೆ. ಮುಂಜಾನೆ ಮೇಲೆ ಹೋಗಿ ಸಂಜೆ ಕೆಳಗೆ ಬಂದು ಮುಗಿದಿದ್ದರೆ ಬ್ಯಾಡವೇ ಬ್ಯಾಡ. ತಿಂಗಳುಗಟ್ಟಲೆ ಒಂದು ಮಟ್ಟದಲ್ಲಿ ಸುಮ್ಮನೆ ಕುಂತು, ಆಮೇಲೆ ದೊಡ್ಡ ವಹಿವಾಟಿನೊಂದಿಗೆ ಎದ್ದು, ದಿನದ ಕೊನೆಗೂ ಮೇಲೆಯೇ ನಿಂತದ್ದು ಮಾತ್ರ ಅವನಿಗೆ ಬೇಕು. ಎಷ್ಟೋ ದಿನ ಒಂದೂ ಉಳಿಯುತ್ತಿರಲಿಲ್ಲ. ಕೊಂಡದ್ದರಲ್ಲಿ ಅರ್ಧ ಗೆದ್ದ, ಅರ್ಧ ಸೋತ. ಸೋತದ್ದನ್ನು ಬೇಗ ಮಾರಿದ್ದರಿಂದ ಒಟ್ಟಿನಲ್ಲಿ ನಷ್ಟವಿರಲಿಲ್ಲ. ಹಾಕಿದ್ದೆಲ್ಲ ಸ್ವಂತ ರೊಕ್ಕ, ಅದೂ ಸಣ್ಣದು.

ಆ ಚಳಿಗಾಲದಲ್ಲಿ ಅವನ ಕೈಗೆ ಸ್ವಂತದ್ದಲ್ಲದ ರೊಕ್ಕ ಬಂತು.

ಅವನ ಅಕ್ಕ ಶಟ್ಟೆವ್ವ ಮುರಗೋಡದಲ್ಲಿದ್ದಾಳೆ. ಗಂಡ ತೀರಿ ಹೋಗಿ ವರ್ಷಗಳಾದವು. ರಸ್ತೆ ಅಗಲ ಮಾಡುವಾಗ ಅವಳ ಹೊಲದ ಅಂಚು ಹೋಯಿತು, ಮೂರು ಲಕ್ಷ ಪರಿಹಾರ ಬಂತು. ಅದರಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಅದರ ಪಕ್ಕ ಖಾರ ಕುಟ್ಟುವ ಯಂತ್ರ ಇಡಬೇಕೆಂದು ಅವಳ ಮನಸ್ಸು. ಒಣಮೆಣಸಿನಕಾಯಿ ಮನೆಗೆ ಬರುವ ಹೊತ್ತಿಗೆ, ಅಂದರೆ ಶಿವರಾತ್ರಿಗೆ, ಯಂತ್ರ ತಿರುಗಬೇಕು. ಅಲ್ಲಿಯ ತನಕ ರೊಕ್ಕ ತನ್ನ ಖಾತೆಯಲ್ಲಿದ್ದರೆ ಗಂಡನ ಮನೆಯ ಕಡೆಯವರು ಒಬ್ಬೊಬ್ಬರೇ ಕೈ ಚಾಚುತ್ತಾರೆ ಎಂದು ಗೊತ್ತಿದ್ದುದರಿಂದ ತಮ್ಮನ ಖಾತೆಗೆ ಹಾಕಿಸಿದಳು.

"ಅಕ್ಕಾ, ಸುಮ್ನ ಯಾಕ ಬಿದ್ದಿರಬೇಕು? ಛಲೋ ಷೇರ ಸಿಕ್ಕರ ಹಾಕ್ತೇನಿ. ಶಿವರಾತ್ರಿಗೆ ತಗದ ಕೊಡ್ತೇನಿ" ಎಂದಿದ್ದ ಕಲ್ಮೇಶ.

"ನಿನಗ ತಿಳದಂಗ ಮಾಡಪಾ" ಎಂದಿದ್ದಳು ಅವಳು.

ನಾನು ಅಲ್ಲೇ ಇದ್ದೆ. ರಾಣಿಯೂ ಇದ್ದಳು. ಅವಳು ಬಿಲ್ಲಿನ ಕಾಗದಗಳನ್ನು ಮತ್ತೆ ಮತ್ತೆ ಜೋಡಿಸಿದಳು.

ಒಂದು ಶುಕ್ರವಾರ ಸಂಜೆ ಪಟ್ಟಿಯಲ್ಲಿ ನಮ್ಮ ಭಾಗದ ಕಬ್ಬು ಹೋಗುವ ಸಕ್ಕರೆ ಕಾರ್ಖಾನೆಯ ಕಂಪನಿಯ ಹೆಸರು ಬಂತು. ಗರಿಷ್ಠಕ್ಕಿಂತ ಶೇಕಡಾ ನಾಲ್ಕು ಕೆಳಗೆ, ವಹಿವಾಟು ಆರು ಪಟ್ಟು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಕಲ್ಮೇಶನಿಗೆ ಮಾತ್ರ ಹಿತ್ತಲ ಗಿಡವೇ ಸಂಜೀವಿನಿಯಾಗಿ ಕಂಡಿತು. ಹೆಸರು ಓದಿದ ಕೂಡಲೇ ಮೇಜು ತಟ್ಟಿ ನನ್ನ ಕಡೆ ತಿರುಗಿದ.

"ಬಸಲಿಂಗಾ, ಇದಕ್ಕ ಚಾರ್ಟ್ ಯಾಕ ಬೇಕೋ? ನಾವು ದಿನಾ ನೋಡಾಕತ್ತೇವಲ್ಲ. ಈ ಸಲ ನಾ ಮಾರಿದಷ್ಟ ಟ್ರೇಲರ್ ಬೇರಿಂಗ್ ಯಾ ಸಲಾನೂ ಮಾರಿಲ್ಲ."

ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರು ಹೊಡೆಯುವ ಮುಸ್ತಕೀಮ ಬೇರಿಂಗ್‌ಗೆ ಬಂದಿದ್ದ. ಅವನನ್ನೇ ಸಾಕ್ಷಿಗೆ ನಿಲ್ಲಿಸಿದ. "ಕಾರ್ಖಾನಿ ಮುಂದ ಲೈನ್ ಎಷ್ಟೈತಿ ಹೇಳ ಇವಂಗ."

"ಕೇಳಬ್ಯಾಡ್ರಿ ಭಾಯಿ" ಎಂದ ಮುಸ್ತಕೀಮ, "ಗಾಡಿ ಹಚ್ಚಿ ಊಟಾ ಮಾಡಿ, ನಿದ್ದಿ ಮಾಡಿ ಎದ್ರೂ ನಂಬರ್ ಬಂದಿರಂಗಿಲ್ಲ."

ನನಗೂ ಅದು ಸರಿಯೆನಿಸಿತು. ಕಣ್ಣ ಮುಂದಿನ ಕಾರ್ಖಾನೆ, ಕಣ್ಣ ಮುಂದಿನ ಕಬ್ಬು. ಸೋಮವಾರ ಪೇಟೆ ತೆರೆದ ಕೂಡಲೇ ಅಕ್ಕನ ಮೂರು ಲಕ್ಷವನ್ನೂ ಹಾಕುವುದೆಂದು ಕಲ್ಮೇಶ ಗಟ್ಟಿ ಮಾಡಿದ. ಇಷ್ಟು ದಿನ ಒಂದು ಷೇರಿಗೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಹಾಕದವನು. "ಅಕ್ಕನ ಗಿರಣಿ ಜೋಡಿ ಶೇವಗಿ ಮಶೀನೂ ಬರ್ತೈತಿ ನೋಡ" ಎಂದ. ಚಾರ್ಟನ್ನು ತೆರೆದದ್ದೂ ಹೌದು, ಆದರೆ ಎಷ್ಟು ಹೊತ್ತು ನೋಡಿದ ಎಂದರೆ ಬಾಗಿಲ ಮುಂದೆ ಹಾದುಹೋಗುವವರನ್ನು ನೋಡಿದಷ್ಟು ಹೊತ್ತು.

ಶನಿವಾರ ಮಧ್ಯಾಹ್ನ ರಾಣಿ ಪೆನ್‌ಡ್ರೈವ್ ಹಿಡಿದು ನನ್ನ ಅಂಗಡಿಗೆ ಬಂದಳು.

"ಅಣ್ಣಾರ, ಇದರಾಗ ಮೂವತ್ತ ಚಾರ್ಟ್ ಅದಾವು. ಹಳೇವೂ ಅದಾವು, ನಿನ್ನಿವೂ ಅದಾವು. ಪ್ರಿಂಟ್ ತಗದು ಮ್ಯಾಲಿನ ಹೆಸರಿನ ಪಟ್ಟಿ ಕತ್ತರಿಸಿ ಕೊಡ್ರಿ."

ಕಟರಿಗೆ ಕಾಗದ ಜೋಡಿಸುತ್ತಿದ್ದಂತೆ ಮತ್ತೆ ಹೇಳಿದಳು, "ಬಲಗಡೆ ರೇಟಿನ ಅಂಚೂ ಕತ್ತರಿಸ್ರಿ. ರೇಟ್ ನೋಡಿ ಗುರ್ತ ಹಿಡಿತಾರ. ಬುಡದಾಗಿನ ತಾರೀಖೂ ಬ್ಯಾಡ."

ಅವಳು ಏನು ಮಾಡುತ್ತಿದ್ದಾಳೆಂದು ಆಗ ನನಗೆ ಹೊಳೆಯಿತು. ಕತ್ತರಿಸುವ ಮೊದಲು ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಹೆಸರು ಬರೆದುಕೊಂಡಳು. ನಾನು ಪ್ರಿಂಟಿನ ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕಲ್ಮೇಶ ನನ್ನನ್ನು ಜುಗ್ಗ ಅನ್ನುತ್ತಾನೆ.

ಭಾನುವಾರ ಊಟವಾದ ಮೇಲೆ ಅವರ ಮನೆಯ ಪಡಸಾಲೆಯಲ್ಲಿ ಕುಳಿತೆವು. ರಾಣಿ ಕಾಗದದ ಕಟ್ಟು ತಂದು ಗಂಡನ ಮುಂದೆ ಇಟ್ಟಳು.

"ನನಗೂ ಕಲಿಸ್ರಿ. ಯಾವ್ದು ಬೇಕು, ಯಾವ್ದು ಬ್ಯಾಡ ಅಂತ ಹೇಳ್ರಿ. ಯಾಕ ಅಂತನೂ ಹೇಳ್ರಿ."

ಪಾಠ ಹೇಳು ಅಂದರೆ ಕಲ್ಮೇಶನಿಗೆ ಹೋಳಿಗೆ ಬಡಿಸಿದ ಹಾಗೆ. ಚಕ್ಕಳಬಕ್ಕಳ ಹಾಕಿ ಕೂತ. ಒಂದೊಂದೇ ಎತ್ತಿ ನೋಡಿ ಎಡಕ್ಕೆ ಒಂದು ಗುಡ್ಡೆ, ಬಲಕ್ಕೆ ಒಂದು ಗುಡ್ಡೆ ಹಾಕತೊಡಗಿದ. ಎಡದ್ದು ಬ್ಯಾಡ. ಅದೇ ದೊಡ್ಡದಾಗುತ್ತಿತ್ತು. ಹೆಸರು ಯಾಕಿಲ್ಲ ಎಂದು ಒಮ್ಮೆ ಕೇಳಿದ. "ಹೆಸರ ಓದಬ್ಯಾಡ್ರಿ ಅಂತ ನೀವ ಹೇಳ್ತೀರಲ್ಲ" ಎಂದಳು ರಾಣಿ. ಅವನಿಗೆ ಆ ಉತ್ತರ ಹಿಡಿಸಿತು.

ಕಟ್ಟಿನ ನಡುವೆ ಎಲ್ಲೋ ಒಂದು ಕಾಗದ ಬಂತು. ಕಲ್ಮೇಶ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದು ನೋಡ, ಇದನ್ನ ಛಂದಂಗ ತಿಳಕೋ. ಎರಡ ತಿಂಗಳಿಂದ ಒಂದ ಸವನ ಏರೈತಿ, ಎಲ್ಲೂ ದಣಿವಾರಿಸಿಕೊಂಡಿಲ್ಲ. ದಿನಕ್ಕೊಂದ ಕಡ್ಡಿ ಐತಲ್ಲ, ಕಡೀ ದಿವಸದ್ದ ನೋಡ, ಈ ಉದ್ದಂದು. ಹೊಸಾ ಎತ್ತರಕ್ಕ ಹೋಗಿ, ಅಲ್ಲಿಂದ ತಳಕ್ಕ ಬಿದ್ದು ಮುಗದೈತಿ. ಕೆಳಗ ವಹಿವಾಟ ನೋಡ, ಆರು ಪಟ್ಟ ಇರಬೇಕು. ಅಷ್ಟ ಮಂದಿ ಕೊಳ್ಳಾಕ ಬಂದಿದ್ರು, ಆದ್ರೂ ರೇಟ್ ಯಾಕ ನಿಲ್ಲಲಿಲ್ಲ?"

"ಯಾಕ?"

"ಮಾರಾವರು ಅವರಕಿಂತ ಜೋರ ಇದ್ರು. ಮೊದಲ ಕೊಂಡ ಇಟ್ಟವರು ಸುದ್ದಿ ಕೇಳಿ ಬಂದವರ ಕೈಯಾಗ ಕೊಟ್ಟ ಹೊಂಟಾರ. ಜರಡಿ ಇದನ್ನ ಹಿಡಿತೈತಿ, ಅದಕ್ಕ ಕಣ್ಣಿಲ್ಲ. ನಾವು ಹಿಡೀಬಾರದು. ಇಂಥಾದ್ದಕ್ಕ ರೊಕ್ಕ ಹಾಕಾಂವ ಹುಚ್ಚ."

ಕಾಗದವನ್ನು ಎಡದ ಗುಡ್ಡೆಗೆ ಎಸೆದು ಮುಂದಿನದಕ್ಕೆ ಕೈ ಹಾಕಿದ. ರಾಣಿ ಆ ಎಸೆದ ಕಾಗದವನ್ನು ಎತ್ತಿ, ಬೆನ್ನು ಮೇಲೆ ಮಾಡಿ, ಅವನ ತೊಡೆಯ ಮೇಲೆ ಇಟ್ಟಳು.

ಅವನು ಓದಿದ. ಬಹಳ ಹೊತ್ತು ಓದಿದ, ಇದ್ದದ್ದು ಎರಡೇ ಶಬ್ದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ. ಪಾಪ ಅನಿಸಿತು.

ಮೊದಲು ಸಿಟ್ಟಿಗೆದ್ದ. "ಇದು ಬ್ಯಾರೆ ಮಾತ. ಇಲ್ಲಿ ಲೈನ್ ನಾ ಕಣ್ಣಾರೆ ನೋಡೇನಿ."

"ಲೈನ್ ನೀವೊಬ್ರ ನೋಡೀರೇನ್ರಿ?" ಎಂದಳು ರಾಣಿ. "ರಸ್ತೆದಾಗ ಹೋಗಾವರೆಲ್ಲ ನೋಡ್ಯಾರ. ಎರಡ ತಿಂಗಳಿಂದ ನೋಡಾಕತ್ತಾರ. ಅದಕ್ಕ ಎರಡ ತಿಂಗಳಿಂದ ಏರೈತಿ." ಮತ್ತೆ ಹೇಳಿದಳು, "ನಿಮ್ಮ ರೊಕ್ಕ ಇದ್ದಿದ್ರ ನಾ ಪ್ರಿಂಟ್ ತಗಸ್ತಿರಲಿಲ್ಲ."

ಕಲ್ಮೇಶ ಎದ್ದು ಹೊರಗೆ ಹೋದ. ಸೋಮವಾರ ಪೇಟೆ ತೆರೆಯಿತು, ಮುಚ್ಚಿತು. ಅವನು ಕೊಳ್ಳಲಿಲ್ಲ.

ಇಲ್ಲಿಗೆ ಆ ಷೇರು ಬಿದ್ದು, ರಾಣಿಯ ಮಾತು ನಿಜವಾಗಿದ್ದರೆ ಕಥೆ ಹೇಳುವ ನನಗೆ ಅನುಕೂಲವಿತ್ತು. ಆದರೆ ಅದು ಏರಿತು. ಒಂದು ವಾರ ಕುಂತಿತು, ಆಮೇಲೆ ಮತ್ತೆ ಏರಿತು. ಜನವರಿ ಮುಗಿಯುವ ಹೊತ್ತಿಗೆ ನೂರಕ್ಕೆ ಹದಿನೆಂಟು ಹೆಚ್ಚಾಗಿತ್ತು. ಮುಸ್ತಕೀಮ ಬಂದಾಗಲೆಲ್ಲ "ಭಾಯಿ, ನಮ್ಮ ಕಾರ್ಖಾನಿ ಎಲ್ಲಿಗಿ ಹೋತು?" ಎಂದು ನಗುತ್ತಿದ್ದ. ಕಲ್ಮೇಶ ಹೆಂಡತಿಯೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ. ನನ್ನ ಚಹಾಕ್ಕೂ ಸಕ್ಕರೆ ಕಡಿಮೆಯಾಯಿತು. ಬಿದ್ದಿದ್ದರೆ ಅವನು ಹೀಗೆ ಒಳಗೊಳಗೇ ಬೇಯುತ್ತಿರಲಿಲ್ಲ, ಅದು ನನಗೆ ಗೊತ್ತು. ರಾಣಿ ಒಮ್ಮೆಯೂ ಸಮರ್ಥಿಸಿಕೊಳ್ಳಲಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿ, ಚಾರ್ಟಿನ ಮೇಲೆ ಹೆಸರೂ ದರವೂ ಬಾರದಂತೆ ಮಾಡಿದಳು. ಎಲ್ಲ ನೋಡಿ ಮುಗಿಸಿ, ಬೇಕು ಬ್ಯಾಡ ಹೇಳಿದ ಮೇಲೆಯೇ ಹೆಸರು ತೆರೆಯುತ್ತದೆ. ಅವನು ಅದನ್ನು ತೆಗೆದುಹಾಕಲಿಲ್ಲ.

ಶಿವರಾತ್ರಿಗೆ ಸ್ವಲ್ಪ ಮೊದಲು ಶಟ್ಟೆವ್ವ ಬಂದಳು. ಅಂಗಡಿಯ ಒಳಗಿನ ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಗಿರಣಿಯವನು ಯಂತ್ರ ತಂದು ಕೂರಿಸಲು ಒಪ್ಪಿದ್ದ, ರೊಕ್ಕ ಬೇಕಿತ್ತು. ಕೇಳಲು ಅವಳಿಗೆ ಸಂಕೋಚ. ಮೊದಲು ಹೊಲದ್ದು ಕೇಳಿದಳು, ಎಮ್ಮೆಯದು ಹೇಳಿದಳು. ಕಲ್ಮೇಶನೇ ಬಾಯಿ ಬಿಟ್ಟ.

"ಅಕ್ಕಾ, ನಿನ್ನ ರೊಕ್ಕ ನಾ ಯಾ ಷೇರಿಗೂ ಹಾಕಲಿಲ್ಲ. ಇಟ್ಟಂಗ ಬ್ಯಾಂಕಿನಾಗ ಐತಿ. ಹಾಕಿದ್ರ ಐವತ್ತ ಸಾವಿರ ಹೆಚ್ಚಾಗತಿತ್ತು."

ಅವನು ಕ್ಷಮೆ ಕೇಳುವವನ ಹಾಗೆ ಹೇಳಿದ. ಶಟ್ಟೆವ್ವ ಅವನನ್ನು ನೋಡಿದಳು, ರಾಣಿಯನ್ನು ನೋಡಿದಳು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟಳು.

"ಹಾಕಿಲ್ಲ ಹೌದಲ್ಲ? ಶಿವನ, ಬದಕಿದೆ. ನೀ ಹಾಕ್ತೇನಿ ಅಂದ ದಿವಸದಿಂದ ನನಗ ಅನ್ನ ಸೇರಿಲ್ಲೋ ತಮ್ಮಾ."

"ಹಂಗಾದ್ರ ಆವತ್ತ ಬ್ಯಾಡ ಅನ್ನಬೇಕಿಲ್ಲೇನ?"

"ಹೆಂಗ ಅನ್ಲಿ? ಬ್ಯಾರೆ ಯಾರರೆ ಬಂದು ಹಿಂಗ ಕೇಳಿದ್ರ, ಯಾವ್ದು, ಏನು, ಹೋದ್ರ ಯಾರ ಕೊಡ್ತಾರ ಅಂತ ಹತ್ತ ಮಾತ ಕೇಳತಿದ್ದೆ. ನೀ ಕಲ್ಮೇಶ ಅಂತ ಏನೂ ಕೇಳಲಿಲ್ಲ."

ಕೌಂಟರಿನ ಮೇಲೆ ಬಿಚ್ಚಿದ ಬೇರಿಂಗ್ ಡಬ್ಬಿಯೊಂದಿತ್ತು, ಅದರ ಮೇಲೆ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಕಲ್ಮೇಶ ಅದನ್ನು ಕೈಗೆತ್ತಿಕೊಂಡು, ನೋಡಿ, ಮತ್ತೆ ಅಲ್ಲೇ ಇಟ್ಟ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಮೊದಲ ಸಲ ನೋಡಿದೆ.

"ರಾಣಿ, ಅಂಗಡಿ ನೋಡಕೋ" ಎಂದ. "ಅಕ್ಕಾ, ನಡಿ. ಬ್ಯಾಂಕಿಗೆ ಹೋಗೂಣು. ರೊಕ್ಕ ನಿನ್ನ ಹೆಸರಲೇ ಗಿರಣಿಯವಂಗ ಹೋಗ್ಲಿ."

ಇಬ್ಬರೂ ಸ್ಕೂಟರಿನಲ್ಲಿ ಹೋದರು. ಶಟ್ಟೆವ್ವ ಹಿಂದೆ ಕುಳಿತು ತಮ್ಮನ ಹೆಗಲು ಹಿಡಿದಿದ್ದಳು. ರಾಣಿ ಒಳಗಿನಿಂದ ನನಗೆ ಚಹಾ ತಂದಳು. ಆವತ್ತು ಅದರಲ್ಲಿ ಸಕ್ಕರೆ ಸರಿಯಾಗಿತ್ತು.